ಟಿವಿಯ ಪರದೆಯ ಮೇಲಿನ ಫೋನ್ ನಂಬರು



ಟಿವಿಯು ಬರಿಯ ನೋಟದ ಪೆಟ್ಟಿಗೆಯಾಗಿದ್ದಷ್ಟು ಕಾಲ ಅದರಿಂದ ನಮಗೆ ಒದಗಬಹುದಾಗಿದ್ದ ನಷ್ಟವೆಂದರೆ ಕಾಲಹರಣವೊಂದೇ ಆಗಿತ್ತು. ಅದು ಇಂಟರ್‌ನೆಟ್ಟಿನೊಡನೆ ಸಂಬಂಧ ಬೆಳೆಸಿ ಸ್ಮಾರ್ಟ್ ಟಿವಿ ಎನ್ನಿಸಿಕೊಂಡ ಮೇಲೆ, ನಮ್ಮ ಹಜಾರದ ಗೋಡೆಯ ಮೇಲೆ ಅಪರಿಚಿತರು ತಮ್ಮ ಮಾತನ್ನು ಬರೆದುಹೋಗುವುದಕ್ಕೆ ಅವಕಾಶವಾಗಿದೆ. ಆ ಬರಹದಲ್ಲಿ ಕೆಲವು ಸಲ ಸುಳ್ಳಿರುತ್ತದೆ. ಆ ಸುಳ್ಳಿನ ಕೊನೆಯಲ್ಲಿ ಬಹುಮಟ್ಟಿಗೆ ಒಂದು ಫೋನ್ ನಂಬರಿರುತ್ತದೆ. ಈ ಹೊತ್ತು ನಾನು ವಿಚಾರಮಾಡಬೇಕೆಂದಿರುವುದು ಆ ನಂಬರನ್ನು ಕುರಿತು. ಏಕೆಂದರೆ ಟಿವಿಯೊಳಗೆ ಕದಿಯತಕ್ಕ ಹಣ ಸಾಮಾನ್ಯವಾಗಿ ಇರುವುದಿಲ್ಲ. ಹಣವಿರುವುದು, ಅಥವಾ ಹಣದ ಬೀಗದ ಕೈಯಿರುವುದು, ನಮ್ಮ ಮೊಬೈಲಿನಲ್ಲಿ. ಟಿವಿಯಿಂದ ಮೊಬೈಲಿಗೆ ಕಳ್ಳನು ತಾನಾಗಿ ದಾಟಲಾರ. ನಾವೇ ಆ ನಂಬರನ್ನು ಒತ್ತಿ ಅವನನ್ನು ದಾಟಿಸಬೇಕು. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಉಳಿದುದೆಲ್ಲ ಅದರ ವಿವರಣೆಯಾಗಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಪರದೆಯ ಮೇಲೆ ಹಠಾತ್ತನೆ ಪ್ರತ್ಯಕ್ಷವಾಗುವ ಪಾಪ್‌ಅಪ್ ಎಂಬುದರ ಸ್ವರೂಪವನ್ನು ನೋಡೋಣ. "ನಿಮ್ಮ ಟಿವಿಗೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ" ಎಂದು ಕೆಂಪು ಅಕ್ಷರಗಳಲ್ಲಿ ಘೋಷಿಸಿ, ಪಕ್ಕದಲ್ಲಿ ಕಂಪೆನಿಯ ಲಾಂಛನವನ್ನು ಮುದ್ರಿಸಿ, ಕೆಳಗೆ ನಿಮಿಷ ಸೆಕೆಂಡುಗಳನ್ನು ಇಳಿಮುಖವಾಗಿ ಎಣಿಸುತ್ತ, ಒಮ್ಮೊಮ್ಮೆ ಸೈರನ್ ಕೂಗಿಸುತ್ತ ನಿಲ್ಲುವ ಈ ಪುಟವು ವಸ್ತುತಃ ಒಂದು ಜಾಹೀರಾತು ಮಾತ್ರ. ಟಿವಿಯಲ್ಲಿರುವ ಬ್ರೌಸರಿನಲ್ಲಿ ಯಾವುದೋ ಉಚಿತ ಚಿತ್ರದ ತಾಣವನ್ನು ತೆರೆದಾಗಲೋ, ಕ್ರಿಕೆಟ್ಟನ್ನು ಪುಕ್ಕಟೆಯಾಗಿ ತೋರಿಸುತ್ತೇವೆಂಬ ಹೊರಗಿನ ಆ್ಯಪೊಂದನ್ನು ಹಾಕಿಕೊಂಡಾಗಲೋ ಅದು ಒಳಹೊಕ್ಕಿರುತ್ತದೆ. ಒಂದು ವೆಬ್ ಪುಟಕ್ಕೆ ಟಿವಿಯ ಒಳಭಾಗವನ್ನೆಲ್ಲ ಶೋಧಿಸಿ ರೋಗನಿರ್ಣಯ ಮಾಡುವ ಸಾಮರ್ಥ್ಯವಿಲ್ಲ. ಟಿವಿಯು ಯಾವ ಕಂಪೆನಿಯದು, ಯಾವ ಬಗೆಯದು ಎಂಬಷ್ಟು ವಿಷಯ ಆ ಪುಟಕ್ಕೆ ತಿಳಿಯಬಹುದು. ಆದಕಾರಣವೇ ಲಾಂಛನವು ಸರಿಯಾಗಿ ಹೊಂದಿಕೊಂಡು ನಮ್ಮನ್ನು ಭ್ರಮೆಗೊಳಿಸುತ್ತದೆ.

ಟಿವಿಯ ನಿಜವಾದ ಸಂದೇಶಗಳೂ ಉಂಟು. ಹೊಸ ಸಾಫ್ಟ್‌ವೇರ್ ಬಂದಿದೆ, ವೈಫೈ ಕಡಿದಿದೆ, ಜಾಗ ಸಾಲದು ಎಂಬಂಥವು ಅವು. ಅವುಗಳ ಧಾಟಿ ನೀರಸವಾದದ್ದು. ಅವು ಗಾಬರಿಪಡಿಸುವುದಿಲ್ಲ, ಗಡಿಯಾರವನ್ನು ಎಣಿಸುವುದಿಲ್ಲ, ಹಣ ಕೇಳುವುದಿಲ್ಲ. ಸಂದೇಶವು ಆಕರ್ಷಕವಾಗಿ, ಭಯಂಕರವಾಗಿ ಅಥವಾ ಆತ್ಮೀಯವಾಗಿ ಇದ್ದಷ್ಟೂ ಅದರ ಮೇಲೆ ಸಂಶಯ ಹೆಚ್ಚಬೇಕೆಂಬುದು ನನ್ನ ಅಭಿಪ್ರಾಯ.

ಸುಳ್ಳು ಪಾಪ್‌ಅಪ್ ಬಂದಾಗ ಮಾಡತಕ್ಕದ್ದು ಬಹು ಸ್ವಲ್ಪ. ಪುಟದ ಮೇಲಿರುವ "ಸರಿ", "ಬೇಡ", "ಮುಚ್ಚು" ಎಂಬ ಯಾವ ಗುಂಡಿಯನ್ನೂ ಒತ್ತಬಾರದು, ಏಕೆಂದರೆ ಆ ಗುಂಡಿಗಳನ್ನು ಬರೆದವನೂ ಕಳ್ಳನೇ, ಅವು ಎಲ್ಲಿಗೆ ಒಯ್ಯಬೇಕೆಂದು ನಿಶ್ಚಯಿಸಿದವನೂ ಅವನೇ. ನಮ್ಮ ಕೈಯ ರಿಮೋಟಿನಲ್ಲಿ ಮನೆಯ ಚಿತ್ರವುಳ್ಳ ಹೋಮ್ ಗುಂಡಿಯಿದೆ. ಅದು ಟಿವಿಯದು, ಪುಟದ ಆಜ್ಞೆಗೆ ಒಳಪಟ್ಟದ್ದಲ್ಲ. ಅದನ್ನು ಒತ್ತಿದರೆ ಸಾಮಾನ್ಯವಾಗಿ ಕಾಟ ತೊಲಗುತ್ತದೆ. ತೊಲಗದಿದ್ದರೆ ಗೋಡೆಯ ಸ್ವಿಚ್ಚನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ರಿಮೋಟಿನಿಂದ ಆರಿಸಿದರೆ ಸಾಲದು, ಅದರಿಂದ ಟಿವಿ ನಿದ್ರಿಸುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಮತ್ತೆ ಮತ್ತೆ ಬರುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಬ್ರೌಸರಿನ ಹಳೆಯ ದತ್ತಾಂಶವನ್ನು ಅಳಿಸಿ, ಈ ಉಪದ್ರವ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ ಹಾಕಿದ ಆ್ಯಪ್ ಯಾವುದೆಂದು ನೆನಪು ಮಾಡಿಕೊಂಡು ಅದನ್ನು ತೆಗೆದುಹಾಕಬೇಕು. ಇದನ್ನು ಮೊಮ್ಮಗನಿಂದ ಮಾಡಿಸಿದರೂ ಬಾಧಕವಿಲ್ಲ.

ಆದರೆ ವೈರಸ್ಸಿನ ಹೆದರಿಕೆಗೆ ಬಗ್ಗದ ಬುದ್ಧಿವಂತರೂ ಮೋಸಹೋಗುವ ಸ್ಥಾನ ಬೇರೊಂದಿದೆ. ಅಲ್ಲಿ ಟಿವಿಯು ಸುಳ್ಳಾಡುವುದೇ ಇಲ್ಲ; ನಿಜವನ್ನೇ ಹೇಳುತ್ತದೆ, ನಾವು ಆ ನಿಜವನ್ನು ಹಿಡಿದುಕೊಂಡು ತಪ್ಪು ಬಾಗಿಲಿಗೆ ಹೋಗುತ್ತೇವೆ. ಹೊಸ ಟಿವಿಯಲ್ಲಿ ಯೂಟ್ಯೂಬನ್ನು ನಮ್ಮ ಖಾತೆಯೊಡನೆ ಜೋಡಿಸಬೇಕಾದಾಗ ಪರದೆಯ ಮೇಲೆ ಕೆಲವು ಅಕ್ಷರಗಳ ಸಂಕೇತವೊಂದು ಮೂಡಿ, ಮೊಬೈಲಿನಲ್ಲಿ youtube.com/activate ಎಂಬ ವಿಳಾಸವನ್ನು ತೆರೆದು ಅದನ್ನು ನಮೂದಿಸಿ ಎಂಬ ಸೂಚನೆ ಕಾಣಿಸುತ್ತದೆ. ಪ್ರೈಮ್ ವೀಡಿಯೋಗೆ ಇದೇ ರೀತಿ primevideo.com/mytv ಎಂಬ ವಿಳಾಸವಿದೆ. ರಿಮೋಟಿನಿಂದ ಗುಪ್ತಪದವನ್ನು ಒಂದೊಂದೇ ಅಕ್ಷರವಾಗಿ ಕುಟ್ಟುವ ಕಷ್ಟವನ್ನು ತಪ್ಪಿಸುವುದಕ್ಕಾಗಿ ಮಾಡಿದ ಸದುದ್ದೇಶದ ಏರ್ಪಾಡು ಇದು. ಆದರೆ ನಮ್ಮಲ್ಲಿ ಬಹು ಜನ ವಿಳಾಸವನ್ನು ವಿಳಾಸವಾಗಿ ಟೈಪು ಮಾಡುವುದಿಲ್ಲ; "ಯೂಟ್ಯೂಬ್ ಟಿವಿ ಆಕ್ಟಿವೇಟ್" ಎಂದು ಹುಡುಕುತ್ತೇವೆ. ಹುಡುಕಿದಾಗ ಮೊದಲು ಕಾಣುವುದು ಹಣ ಕೊಟ್ಟು ಆ ಸ್ಥಾನವನ್ನು ಪಡೆದವರ ಜಾಹೀರಾತಾಗಿರಬಹುದು.

ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರಿಗೆ ಸಂಭವಿಸುವುದು ನಾನಾ ಊರುಗಳಲ್ಲಿ ನಡೆದುಬಂದ ಕ್ರಮವೇ. ಹುಡುಕಾಟದಲ್ಲಿ ದೊರೆತ ಪುಟವು ಬಣ್ಣದಲ್ಲಿಯೂ ಗುರುತಿನಲ್ಲಿಯೂ ಅಸಲಿನಂತೆಯೇ ಇದೆ. ಮೇಷ್ಟರು ಟಿವಿಯ ಮೇಲಿನ ಸಂಕೇತವನ್ನು ಅದರಲ್ಲಿ ತುಂಬುತ್ತಾರೆ. ಒಂದು ಚಕ್ರ ಸ್ವಲ್ಪ ಹೊತ್ತು ಸುತ್ತುತ್ತದೆ. ಬಳಿಕ "ಜೋಡಣೆ ವಿಫಲವಾಗಿದೆ, ಸಹಾಯಕ್ಕೆ ಕರೆಮಾಡಿ" ಎಂಬ ಸಂದೇಶವೂ ಒಂದು ನಂಬರೂ ಕಾಣಿಸಿಕೊಳ್ಳುತ್ತವೆ. ಆ ಪುಟಕ್ಕೂ ಟಿವಿಗೂ ಯಾವ ಸಂಬಂಧವೂ ಇಲ್ಲ. ಯಾವ ಸಂಕೇತವನ್ನು ಕೊಟ್ಟಿದ್ದರೂ, ಸುಮ್ಮನೆ ಏನಾದರೂ ಬರೆದಿದ್ದರೂ, ಅದೇ ವಿಫಲತೆ ಬರುತ್ತಿತ್ತು. ಶಂಕೆಯುಳ್ಳವರು ಇದನ್ನೇ ಪರೀಕ್ಷೆಯಾಗಿ ಬಳಸಬಹುದು: ಮನಸ್ಸಿಗೆ ಬಂದ ಅಕ್ಷರಗಳನ್ನು ತುಂಬಿ ನೋಡಿದರೆ, ನಿಜವಾದ ತಾಣವು ಸಂಕೇತ ತಪ್ಪಾಗಿದೆ ಎನ್ನುತ್ತದೆ; ಇಂಥ ನಕಲಿ ತಾಣವು ಸಾಮಾನ್ಯವಾಗಿ ನಂಬರು ಕೊಡುತ್ತದೆ.

ಮೇಷ್ಟರು ಕರೆ ಮಾಡುತ್ತಾರೆ. ಅತ್ತ ಕಡೆಯ ಯುವಕನ ವಿನಯ ಅಸಾಧಾರಣವಾದದ್ದು. "ಗಾಬರಿ ಆಗ್ಬೇಡಿ ಸರ್, ಐದು ನಿಮಿಷದ ಕೆಲಸ, ನಾನೇ ಮಾಡಿಕೊಡ್ತೀನಿ" ಎಂದು, ಮೊಬೈಲಿನಲ್ಲಿ ಸಹಾಯದ ಆ್ಯಪೊಂದನ್ನು ಹಾಕಿಕೊಳ್ಳುವಂತೆ ಹೇಳುತ್ತಾನೆ. ಆ ಆ್ಯಪ್ ಪ್ಲೇ ಸ್ಟೋರಿನಲ್ಲಿಯೇ ಸಿಗುತ್ತದೆಂಬುದು ಮೇಷ್ಟರಿಗೆ ಧೈರ್ಯ ಕೊಡುತ್ತದೆ. ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು ಕಚೇರಿಗಳಲ್ಲಿ ದೂರದ ಕಂಪ್ಯೂಟರನ್ನು ದುರಸ್ತಿಮಾಡಲು ನ್ಯಾಯವಾಗಿ ಉಪಯೋಗವಾಗುವ ಸಾಧನಗಳೇ. ದೋಷ ಆ್ಯಪಿನದಲ್ಲ, ಅದರ ಮೂಲಕ ಯಾರನ್ನು ಒಳಕ್ಕೆ ಬಿಡುತ್ತೇವೆಂಬುದರದು. ನಮ್ಮ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎನಿಡೆಸ್ಕಿನ ದುರುಪಯೋಗವನ್ನು ಹೆಸರಿಸಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ತೆರೆದೊಡನೆ ಒಂದು ಉದ್ದನೆಯ ಅಂಕಿ ಕಾಣುತ್ತದೆ. ಯುವಕನು ಅದನ್ನು ಓದಿ ಹೇಳುವಂತೆ ಕೇಳುತ್ತಾನೆ. ಅದು ಮೇಷ್ಟರ ಮೊಬೈಲಿನ ಬಾಗಿಲ ಸಂಖ್ಯೆ.

ಈ ಘಟ್ಟದಲ್ಲಿ ಆಂಡ್ರಾಯ್ಡ್ ಫೋನು ಸುಮ್ಮನಿರುವುದಿಲ್ಲವೆಂಬುದನ್ನು ತಾವು ಗಮನಿಸಬೇಕು. ಪರದೆಯ ಮೇಲೆ ಕಾಣುವ ಸಮಸ್ತವೂ, ಪಾಸ್‌ವರ್ಡು, ಪಾವತಿಯ ವಿವರ, ಫೋಟೋ, ಸಂದೇಶಗಳೂ ಸೇರಿದಂತೆ, ಈ ಆ್ಯಪಿಗೆ ಗೋಚರವಾಗುತ್ತದೆ, ಮುಂದುವರಿಯೋಣವೇ ಎಂಬರ್ಥದ ಒಂದು ಪ್ರಶ್ನೆಯನ್ನು ಅದು ಸ್ಪಷ್ಟವಾಗಿ ಕೇಳುತ್ತದೆ. ಇಡೀ ವ್ಯವಹಾರದಲ್ಲಿ ಸತ್ಯವನ್ನು ನುಡಿಯುವ ವಾಕ್ಯ ಇದೊಂದೇ. ಬರೆದಿರುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕಿವಿಯಲ್ಲಿ ಯುವಕನು "ಅಲೋ ಒತ್ತಿ ಸರ್, ಒತ್ತಿ" ಎಂದು ಅವಸರಪಡಿಸುತ್ತಿರುವಾಗ ಅದನ್ನು ಓದುವ ವ್ಯವಧಾನವನ್ನು ಮೇಷ್ಟರಿಗೆ ಯಾರೂ ಕೊಡುವುದಿಲ್ಲ. ಕನ್ನಡಕ ಹುಡುಕುವ ನೆಪದಲ್ಲಿಯಾದರೂ ಕರೆಯನ್ನು ಕತ್ತರಿಸಿಬಿಡಬಹುದಾದ ಕೊನೆಯ ಸ್ಥಾನ ಇದು.

ಆಮೇಲೆ ಯುವಕನು ಹತ್ತು ರೂಪಾಯಿ ನೋಂದಣಿ ಶುಲ್ಕ ಕೇಳುತ್ತಾನೆ. ಮೊತ್ತವು ಕ್ಷುಲ್ಲಕವಾಗಿರುವುದು ಉದ್ದೇಶಪೂರ್ವಕವಾದದ್ದು. ಹತ್ತು ರೂಪಾಯಿಗೆ ಯಾರು ಮೋಸ ಮಾಡುತ್ತಾರೆಂದು ನಾವು ಅಂದುಕೊಳ್ಳಬೇಕು. ಅವನಿಗೆ ಬೇಕಾಗಿರುವುದು ಆ ಹಣವಲ್ಲ, ಅದನ್ನು ಕೊಡುವಾಗ ನಾವು ಟೈಪು ಮಾಡುವ ಕಾರ್ಡಿನ ಸಂಖ್ಯೆ, ಹಿಂಬದಿಯ ಮೂರಂಕಿ, ಬ್ಯಾಂಕಿನ ಪಾಸ್‌ವರ್ಡು. ಕೆಲವು ಬ್ಯಾಂಕುಗಳ ಆ್ಯಪ್‌ಗಳು ಪರದೆ ಹಂಚಿಕೆಯಾಗುತ್ತಿರುವಾಗ ತಮ್ಮ ಪುಟವನ್ನು ಕಪ್ಪಾಗಿಸಿಕೊಳ್ಳುತ್ತವೆ; ಆದರೆ ಅವನು ಕಳುಹಿಸಿದ ನಮೂನೆಯಲ್ಲಿ ತುಂಬಿದ್ದಕ್ಕಾಗಲಿ, ಎಸ್‌ಎಂಎಸ್ಸಿನಲ್ಲಿ ಬರುವ ಒಟಿಪಿಗಾಗಲಿ ಆ ಮರೆಯನ್ನು ನಂಬಿಕೊಳ್ಳುವಂತಿಲ್ಲ. ಆದುದರಿಂದಲೇ "ನಾನು ಒಟಿಪಿಯನ್ನು ಯಾರಿಗೂ ಹೇಳಲಿಲ್ಲ" ಎಂದು ಮೇಷ್ಟರು ಆಮೇಲೆ ಪ್ರಮಾಣ ಮಾಡಿ ಹೇಳಿದರೆ ಅದು ಯಥಾರ್ಥವೇ. ಅವರು ಹೇಳಲಿಲ್ಲ, ಅವನೇ ಓದಿಕೊಂಡ. ಬಳಿಕ "ಅಪ್‌ಡೇಟ್ ಆಗ್ತಿದೆ, ಅರ್ಧ ಗಂಟೆ ಫೋನ್ ಮುಟ್ಬೇಡಿ" ಎಂಬ ಆದೇಶವಾಗುತ್ತದೆ. ಬ್ಯಾಂಕಿನಿಂದ ಬರುವ ಎಚ್ಚರಿಕೆಯ ಸಂದೇಶಗಳನ್ನು ಮೇಷ್ಟರು ನೋಡಬಾರದೆಂಬುದೊಂದೇ ಆ ಅರ್ಧ ಗಂಟೆಯ ತಾತ್ಪರ್ಯ.

ಈ ಸರಪಳಿಯನ್ನು ಮೊದಲ ಕೊಂಡಿಯಲ್ಲಿಯೇ ಮುರಿಯುವುದು ಅತ್ಯಂತ ಸುಲಭ. ಟಿವಿ ತೋರಿಸಿದ ವಿಳಾಸವನ್ನು ಹುಡುಕಬಾರದು. ಬ್ರೌಸರಿನ ಮೇಲ್ತುದಿಯ ಪಟ್ಟಿಯಲ್ಲಿ ಅಕ್ಷರಶಃ ಟೈಪು ಮಾಡಬೇಕು. ಟೈಪು ಮಾಡಿದ ಮೇಲೆ ತೆರೆದ ಪುಟದ ವಿಳಾಸವನ್ನು ಪರೀಕ್ಷಿಸುವ ಕ್ರಮ ಹೀಗೆ: ಮೊದಲಲ್ಲಿ https:// ಎಂದಿದ್ದರೆ ಅದನ್ನು ಬಿಟ್ಟು, ಎಡದಿಂದ ಓದುತ್ತ ಮೊದಲ ಓರೆಗೆರೆಯ ತನಕ ಹೋಗಿ ನಿಲ್ಲಿ, ಆ ಗೆರೆಗೆ ತಾಗಿದಂತೆ ಎಡಗಡೆ ಇರುವ ಹೆಸರೇ ತಾಣದ ಒಡೆಯನದು. youtube.com/activate ಎಂಬಲ್ಲಿ ಗೆರೆಗೆ ತಾಗಿರುವುದು youtube.com. youtube.com.activate.example/tv ಎಂದಿದ್ದರೆ, ಮೊದಲಲ್ಲಿ ಪರಿಚಿತ ಹೆಸರಿದ್ದರೂ, ಗೆರೆಗೆ ತಾಗಿರುವುದು activate.example, ಮನೆ ಬೇರೆಯವರದು, ಬಾಗಿಲಿನ ಫಲಕ ಮಾತ್ರ ಎರವಲು. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬುವಂತಿಲ್ಲ. ಮಾತು ದಾರಿಯಲ್ಲಿ ಗುಪ್ತವಾಗಿ ಸಾಗುತ್ತದೆಂಬುದಕ್ಕೆ ಅದು ಸಾಕ್ಷಿಯೇ ಹೊರತು ಅತ್ತ ಕಡೆ ಕುಳಿತವನು ಸಜ್ಜನನೆಂಬುದಕ್ಕಲ್ಲ. ಇನ್ನು ಖಾತೆಯನ್ನು ಟಿವಿಗೆ ಜೋಡಿಸುವ ಕ್ರಿಯೆಗೆ ಯೂಟ್ಯೂಬಾಗಲಿ ಪ್ರೈಮ್ ವೀಡಿಯೋ ಆಗಲಿ ಪ್ರತ್ಯೇಕ ಶುಲ್ಕ ವಿಧಿಸುವುದಿಲ್ಲ. ಚಂದಾ ಬೇರೆ, ಜೋಡಣೆ ಬೇರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಆರು ತಿಂಗಳು ಇದ್ದು ಬರುವವರು ಅಲ್ಲಿ ರೋಕು ಎಂಬ ಪುಟ್ಟ ಯಂತ್ರವನ್ನು ಕಾಣುತ್ತಾರೆ. ಅದಕ್ಕೂ ಇದೇ ಬಗೆಯ ನಕಲಿ ಸಹಾಯಕರು ಹುಟ್ಟಿಕೊಂಡದ್ದರಿಂದ ಜೋಡಣೆ ಉಚಿತವೆಂದು ಆ ಕಂಪೆನಿಯೇ ತನ್ನ ಗ್ರಾಹಕರಿಗೆ ತಿಳಿಸಬೇಕಾಯಿತು.

ಟಿವಿ ನಿಜವಾಗಿ ಕೆಟ್ಟರೆ ಸಹಾಯವನ್ನು ಎಲ್ಲಿಂದ ಪಡೆಯಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ನಂಬರನ್ನು ಖರೀದಿಯ ಬಿಲ್ಲಿನೊಡನೆ ಬಂದ ವಾರಂಟಿ ಕಾರ್ಡಿನಿಂದಾಗಲಿ, ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯಿಂದಾಗಲಿ, ಟಿವಿಯ ಸೆಟ್ಟಿಂಗ್ಸ್‌ನಲ್ಲಿರುವ ಸಪೋರ್ಟ್ ವಿಭಾಗದಿಂದಾಗಲಿ ತೆಗೆದುಕೊಳ್ಳಬೇಕು. "ಕಸ್ಟಮರ್ ಕೇರ್ ನಂಬರ್" ಎಂದು ಹುಡುಕಿ ತೆಗೆದುಕೊಳ್ಳಬಾರದು, ಏಕೆಂದರೆ ಹುಡುಕಾಟದ ಫಲಿತಾಂಶಗಳಲ್ಲಿಯೂ ನಕ್ಷೆಗಳಲ್ಲಿಯೂ ಮೋಸಗಾರರು ತಮ್ಮ ನಂಬರನ್ನು ಕಂಪೆನಿಯ ಹೆಸರಿನಲ್ಲಿ ನೆಟ್ಟಿರುತ್ತಾರೆ. ಟಿವಿಯನ್ನು ದೂರದಿಂದಲೇ ಪರೀಕ್ಷಿಸುವ ಪದ್ಧತಿಯೂ ಸುಳ್ಳಲ್ಲ. ಕೆಲವು ಕಂಪೆನಿಗಳ ಟಿವಿಗಳಲ್ಲಿ ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನೊಳಗೇ ಇಟ್ಟಿದ್ದಾರೆ. ಭೇದವೇನೆಂದರೆ, ಅಲ್ಲಿ ಪರೀಕ್ಷೆಗೆ ಒಳಗಾಗುವುದು ಟಿವಿ, ನಿಮ್ಮ ಮೊಬೈಲಲ್ಲ. ಕೆಟ್ಟಿರುವುದು ಟಿವಿಯಾಗಿರುವಾಗ ಮೊಬೈಲಿನೊಳಕ್ಕೆ ಬರಬೇಕೆನ್ನುವವನಿಗೆ ಅಲ್ಲಿ ಏನು ಕೆಲಸ? ಈ ಪ್ರಶ್ನೆಯನ್ನು ಅವನಿಗೆ ಕೇಳಬೇಕಾಗಿಲ್ಲ. ನಾವು ಕೇಳಿಕೊಂಡರೆ ಸಾಕು. ತಾನಾಗಿಯೇ ಕರೆ ಮಾಡಿ "ನಿಮ್ಮ ಟಿವಿಯ ವಾರಂಟಿ ಮುಗಿಯುತ್ತಿದೆ", "ನಿಮ್ಮ ಟಿವಿಯಿಂದ ತಪ್ಪು ಸಂಕೇತ ಬರುತ್ತಿದೆ" ಎನ್ನುವವನ ವಿಷಯದಲ್ಲಿ ಇಷ್ಟು ವಿಚಾರವೂ ಬೇಕಿಲ್ಲ, ಕರೆ ಕತ್ತರಿಸಿದರಾಯಿತು. ಮನೆಗೆ ಬಂದ ಅಪರಿಚಿತನೊಡನೆ ಅರ್ಧ ಮಾತಿನಲ್ಲಿ ಎದ್ದುಹೋಗುವುದು ನಮ್ಮ ತಲೆಮಾರಿನವರಿಗೆ ಅಸಭ್ಯವೆನ್ನಿಸುತ್ತದೆ. ಆ ಸೌಜನ್ಯವೇ ಮೋಸಗಾರರ ಬಂಡವಾಳ.

ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಸಾಧಾರಣ ಟಿವಿಯನ್ನು ಸ್ಮಾರ್ಟ್ ಮಾಡುವುದಾಗಿಯೂ ಎಲ್ಲ ಚಾನೆಲ್ಲುಗಳನ್ನು ಶಾಶ್ವತವಾಗಿ ಉಚಿತ ಕೊಡುವುದಾಗಿಯೂ ಹೇಳಿ ಮಾರುವ, ಹೆಸರು ಕೇಳರಿಯದ ಕಂಪೆನಿಗಳ ಪೆಟ್ಟಿಗೆಗಳಲ್ಲಿ ಕೆಲವು ಕಾರ್ಖಾನೆಯಿಂದ ಹೊರಡುವಾಗಲೇ ದುಷ್ಟ ತಂತ್ರಾಂಶವನ್ನು ಹೊತ್ತು ಬರುತ್ತವೆ. ಬ್ಯಾಡ್‌ಬಾಕ್ಸ್ 2.0 ಎಂಬ ಇಂಥ ಜಾಲವನ್ನು ಕುರಿತು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತು. ಇಲ್ಲಿ ಹೋಮ್ ಗುಂಡಿಯಿಂದ ಪ್ರಯೋಜನವಿಲ್ಲ. ಆ ಪೆಟ್ಟಿಗೆಯನ್ನು ವೈಫೈಯಿಂದ ಕಳಚಿ ತೆಗೆದಿಡುವುದೇ ಪರಿಹಾರ.

ಹಣ ಹೋಗಿಬಿಟ್ಟರೆ ಏನು ಗತಿ? ಮೊತ್ತಮೊದಲು ಮೊಬೈಲಿನ ಇಂಟರ್‌ನೆಟ್ಟನ್ನು ಕಡಿಯಬೇಕು. ಏರೋಪ್ಲೇನ್ ಮೋಡ್ ಎಂಬ ವಿಮಾನದ ಗುರುತಿನ ಗುಂಡಿಯನ್ನು ಒತ್ತಿ, ವೈಫೈಯೂ ಆರಿದೆಯೆಂದು ನೋಡಿಕೊಳ್ಳಬೇಕು. ಕಳ್ಳನು ಇಂಟರ್‌ನೆಟ್ಟಿನ ಮೇಲೆ ಕುಳಿತಿದ್ದಾನೆ. ಅದು ನಿಂತೊಡನೆ ಅವನ ಕಣ್ಣೂ ಕೈಯೂ ನಿಲ್ಲುತ್ತವೆ. ಅನಂತರ ಮನೆಯವರ ಅಥವಾ ನೆರೆಯವರ ಫೋನಿನಿಂದ 1930ಕ್ಕೂ, ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾದ ಬ್ಯಾಂಕಿನ ನಂಬರಿಗೂ ಕರೆಮಾಡಬೇಕು. 1930 ಎಂಬುದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆಯ ಸಹಾಯವಾಣಿ, cybercrime.gov.in ಎಂಬುದು ಅದೇ ದೂರಿಗೆ ಬರವಣಿಗೆಯ ತಾಣ. ಅಲ್ಲಿ ದೂರು ದಾಖಲಾದೊಡನೆ ಹಣ ಹೋಗಿ ಸೇರಿದ ಬ್ಯಾಂಕಿಗೆ ಸೂಚನೆ ತಲುಪಿ, ಖಾತೆಯಲ್ಲಿ ಇನ್ನೂ ಉಳಿದಿರುವಷ್ಟು ಮೊತ್ತವನ್ನು ಅವರು ತಡೆಹಿಡಿಯುತ್ತಾರೆ. ಮುಂದಕ್ಕೆ ಸಾಗಿಹೋಗಿದ್ದರೆ ಸೂಚನೆಯೂ ಅದರ ಬೆನ್ನು ಹತ್ತಿ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಕಳ್ಳರು ಹಣವನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಇರುವುದರಿಂದ, ಮಗ ಆಫೀಸಿನಿಂದ ಬರಲಿ ಎಂದು ಸಂಜೆಯ ತನಕ ಕಾಯುವುದು ಬೆಳಗ್ಗೆ ದೊರೆಯಬಹುದಾಗಿದ್ದ ಹಣವನ್ನು ಕೈಬಿಟ್ಟಂತೆ. ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು ಖಾತೆಯ ಸಂಖ್ಯೆ, ಹೋದ ಮೊತ್ತ, ಹೊತ್ತು, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ. ಪಡೆದುಕೊಳ್ಳಬೇಕಾದದ್ದು ದೂರಿನ ಸಂಖ್ಯೆ. ಆ್ಯಪನ್ನು ತೆಗೆದುಹಾಕುವುದು, ಪಿನ್ನುಗಳನ್ನು ಬದಲಿಸುವುದು ಇವೆಲ್ಲ ಆಮೇಲೆ.

ಬ್ಯಾಂಕಿಗೆ ತಿಳಿಸುವುದರಲ್ಲಿ ಇನ್ನೊಂದು ಕಾನೂನಿನ ಸೂಕ್ಷ್ಮವಿದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಗೊತ್ತುಪಡಿಸಿದ ನಿಯಮದ ಪ್ರಕಾರ, ಗ್ರಾಹಕನು ತನ್ನ ಗುಪ್ತವಿವರಗಳನ್ನು ತಾನೇ ಬಿಟ್ಟುಕೊಟ್ಟ ಪಕ್ಷದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಕ್ಷಣದಿಂದ ಮುಂದಿನ ನಷ್ಟ ಬ್ಯಾಂಕಿನದು. ಮೇಷ್ಟರು ಮೋಸಹೋದ ನಾಚಿಕೆಯಿಂದ ಬಾಯಿ ಬಿಡದೆ ಕುಳಿತ ಪ್ರತಿ ಗಂಟೆಯೂ ಅವರ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಮನೆಯ ಕಿರಿಯರೂ ಆ ಹೊತ್ತಿನಲ್ಲಿ "ಅಷ್ಟೂ ಗೊತ್ತಾಗಲಿಲ್ಲವೇ ಅಪ್ಪಾ" ಎಂಬ ಪ್ರಶ್ನೆಯನ್ನು ನುಂಗಿಕೊಳ್ಳುವುದು ಧರ್ಮ ಮಾತ್ರವಲ್ಲ, ಲಾಭವೂ ಹೌದು.

ಮುನ್ನೇರ್ಪಾಡುಗಳಲ್ಲಿ ನಾನು ಹೆಚ್ಚಿನ ಬೆಲೆ ಕೊಡುವುದು ಒಂದಕ್ಕೆ. ಪಿಂಚಣಿ ಬರುವ, ಠೇವಣಿಗಳಿಗೆ ಸೇರಿದ ಖಾತೆಯನ್ನು ಮೊಬೈಲಿನ ಯುಪಿಐಗೆ ಜೋಡಿಸದೆ, ಅದರ ನೆಟ್ ಬ್ಯಾಂಕಿಂಗನ್ನೂ ಆ ಮೊಬೈಲಿನಲ್ಲಿ ತೆರೆಯದೆ, ತಿಂಗಳ ತರಕಾರಿ, ಔಷಧ, ವಿದ್ಯುತ್ತಿನ ವೆಚ್ಚಕ್ಕಾಗುವಷ್ಟು ಹಣವಿರುವ ಬೇರೊಂದು ಖಾತೆಯನ್ನು ಮಾತ್ರ ಜೋಡಿಸಿಟ್ಟರೆ, ಎಂಥ ಚತುರನಾದ ಕಳ್ಳನಿಗೂ ಸಿಗುವುದು ತರಕಾರಿಯ ದುಡ್ಡು. ಟಿವಿಯಲ್ಲಿ ಕಾರ್ಡಿನ ಸಂಖ್ಯೆಯನ್ನು ಉಳಿಸದಿರುವುದು, ಆ್ಯಪ್ ಖರೀದಿಗೆ ಪಿನ್ ಇಡುವುದು, ಅಪರಿಚಿತ ಮೂಲಗಳಿಂದ ಆ್ಯಪ್ ಹಾಕುವ ಅನುಮತಿಯನ್ನು ಮುಚ್ಚಿಡುವುದು ಇವುಗಳನ್ನು ಮಕ್ಕಳು ಮುಂದಿನ ಸಲ ಊರಿಗೆ ಬಂದಾಗ ಹತ್ತು ನಿಮಿಷದಲ್ಲಿ ಮಾಡಿಕೊಡಬಲ್ಲರು.

ಒಮ್ಮೆ ಹಣ ಕಳೆದುಕೊಂಡವರ ಹೆಸರು ಮೋಸಗಾರರ ನಡುವೆ ಕೈ ಬದಲಾಯಿಸುವುದುಂಟು. ಕೆಲವು ದಿನಗಳ ಅನಂತರ ಮತ್ತೊಂದು ಕರೆ ಬರಬಹುದು: ತಾವು ಸೈಬರ್ ಪೊಲೀಸರೆಂದೋ, ಬ್ಯಾಂಕಿನವರೆಂದೋ, ವಕೀಲರೆಂದೋ ಹೇಳಿಕೊಂಡು, ಕಳೆದ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಇಷ್ಟು ಶುಲ್ಕ ಕಟ್ಟಿ ಎನ್ನುತ್ತಾರೆ. ಹೋದ ಮೊತ್ತವನ್ನೂ ದಿನಾಂಕವನ್ನೂ ಅವರು ತಪ್ಪಿಲ್ಲದೆ ಹೇಳಬಲ್ಲರು, ಏಕೆಂದರೆ ಕದ್ದವರ ಪಟ್ಟಿ ಅವರ ಬಳಿ ಇದೆ. ತಡೆಹಿಡಿದ ಹಣವನ್ನು ಹಿಂದಿರುಗಿಸಲು 1930ರವರಾಗಲಿ ಪೊಲೀಸರಾಗಲಿ ಮುಂಗಡ ಶುಲ್ಕ ಕೇಳುವುದಿಲ್ಲ. ಅಂಥ ಕರೆ ಬಂದರೆ ಅದರ ನಂಬರನ್ನು ಬರೆದಿಟ್ಟುಕೊಂಡು, ಹಳೆಯ ದೂರಿನ ಸಂಖ್ಯೆಯ ಸಮೇತ ಅದೇ ಸಹಾಯವಾಣಿಗೆ ತಿಳಿಸಬೇಕು.